ನಾಲ್ಕು ಪದ, ಮಸುಕಾದ ಚಿತ್ರ: 1935ರ ಒಂದು ಶೀರ್ಷಿಕೆಯನ್ನು ಓದಿ ಕನ್ನಡಕ್ಕೆ ತಂದ ಬಗೆ

ನ್ಯೂಯಾರ್ಕ್‌ನ ಮನರಂಜನಾ ಪತ್ರಿಕೆ 'ವೆರೈಟಿ' 1935ರ ಜುಲೈ 17ರ ಬುಧವಾರ ಮುಖಪುಟದಲ್ಲಿ ನಾಲ್ಕೇ ಪದಗಳ ಶೀರ್ಷಿಕೆಯೊಂದನ್ನು ಹಾಕಿತು. ಕನ್ನಡದಲ್ಲಿ ಬರೆದರೆ 'ಸ್ಟಿಕ್ಸ್ ನಿಕ್ಸ್ ಹಿಕ್ ಪಿಕ್ಸ್'. ಹಳ್ಳಿಗಾಡಿನ ಪ್ರೇಕ್ಷಕರಿಗೆ ಹಳ್ಳಿ ಜೀವನದ ಸಿನಿಮಾಗಳು ಬೇಡವಾಗಿವೆ ಎಂಬುದು ಸುದ್ದಿ. ಶೀರ್ಷಿಕೆಗಳ ಚರಿತ್ರೆಯಲ್ಲಿ ಇದು ತುಂಬ ಹೆಸರಾದದ್ದು. ಅಷ್ಟೇ ಹೆಸರಾದದ್ದು ಇದರ ತಪ್ಪು ಪಾಠವೂ, ಅಂದರೆ ಪದಗಳನ್ನು ತಪ್ಪಾಗಿ ನೆನಪಿಟ್ಟ ರೂಪವೂ. ಮಸುಕು ಚಿತ್ರದಿಂದ ಓದುವ ಕಷ್ಟ, ಶಬ್ದದ ಆಟವನ್ನು ಕನ್ನಡಕ್ಕೆ ತರುವ ಕಷ್ಟ ಎರಡೂ ಒಂದೇ ಕಡೆ ಸಿಗುವ ಪ್ರಕರಣ ಇದು. ಜೊತೆಗೆ ಓದಿದ್ದು ಸರಿಯೇ ಎಂದು ತಾಳೆ ನೋಡಲು ಮೂಲ ಪುಟವೂ ಇದೆ. ಹಾಗಾಗಿ ಕೆಲಸದ ಕ್ರಮವನ್ನು ವಿವರಿಸಲು ಇದನ್ನೇ ಎತ್ತಿಕೊಳ್ಳಲಾಗಿದೆ.

ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಕೈಗೆ ಬರುವ ಚಿತ್ರ ಹೀಗಿರುತ್ತದೆ: ಯಾರೋ ಫೋನಿನಲ್ಲಿ ಇಡೀ ಪುಟ ತೆಗೆದಿರುತ್ತಾರೆ, ಅದು ನಾಲ್ಕಾರು ಕೈ ದಾಟಿ ವಾಟ್ಸ್‌ಆ್ಯಪ್‌ನಲ್ಲಿ ಬಂದಿರುತ್ತದೆ, ಒಂದೊಂದು ಕಾಲಮ್ಮಿನ ಅಗಲ ಸುಮಾರು 180 ಪಿಕ್ಸೆಲ್ ಇರುತ್ತದೆ. ಮುಂದಿನ ಲೆಕ್ಕವೆಲ್ಲ ಈ ಅಳತೆಯನ್ನು ಹಿಡಿದೇ ಇದೆ.

ಮೊದಲು ಅಳತೆ, ಆಮೇಲೆ ಓದು

ಚಿತ್ರ ಕೈಗೆ ಬಂದ ಕೂಡಲೇ ಹಿಗ್ಗಿಸಿ ಕಣ್ಣು ಕಿರಿದು ಮಾಡಿಕೊಂಡು ಓದಲು ಕೂರುವುದು ಸಹಜ. ಅದಕ್ಕೆ ಮೊದಲು ಎರಡು ನಿಮಿಷ ಅಳತೆಗೆ ಕೊಟ್ಟರೆ ಯಾವ ಭಾಗ ಓದಿಗೆ ಸಿಗುತ್ತದೆ, ಯಾವುದು ಸಿಗುವುದೇ ಇಲ್ಲ ಎಂದು ಮೊದಲೇ ಗೊತ್ತಾಗುತ್ತದೆ. ಆ ಕಾಲದ ಅಮೆರಿಕನ್ ಪತ್ರಿಕೆಗಳಲ್ಲಿ ಕಾಲಮ್ಮಿನ ಅಗಲ 2 ಅಂಗುಲದ ಆಸುಪಾಸು. 180 ಪಿಕ್ಸೆಲ್‌ನಲ್ಲಿ 2 ಅಂಗುಲ ಕೂತಿದ್ದರೆ ಅಂಗುಲಕ್ಕೆ 90 ಪಿಕ್ಸೆಲ್ ಆಯಿತು. ಸುದ್ದಿಯ ಒಡಲನ್ನು 8 ಪಾಯಿಂಟ್ ಅಕ್ಷರದಲ್ಲಿ ಜೋಡಿಸಿದ್ದಾರೆ ಎಂದು ಹಿಡಿಯೋಣ. 72 ಪಾಯಿಂಟ್‌ಗೆ ಒಂದು ಅಂಗುಲ, ಅಂದರೆ ಅಕ್ಷರದ ಒಟ್ಟು ಎತ್ತರಕ್ಕೆ 10 ಪಿಕ್ಸೆಲ್. ಅದರಲ್ಲಿ ಮೇಲಕ್ಕೂ ಕೆಳಕ್ಕೂ ಚಾಚುವ ಬಾಲಗಳನ್ನು ಕಳೆದರೆ, ಇಂಗ್ಲಿಷಿನ ಸಣ್ಣ 'ಎಕ್ಸ್' ಅಕ್ಷರದ ಎತ್ತರಕ್ಕೆ ಉಳಿಯುವುದು ಸುಮಾರು 5 ಪಿಕ್ಸೆಲ್.

ಐದು ಪಿಕ್ಸೆಲ್ ಎಂದರೆ ಏನು? ಸಣ್ಣ 'ಇ' ಅಕ್ಷರದ ಹೊಟ್ಟೆಯಲ್ಲಿ ಒಂದು ಅಡ್ಡಗೆರೆ ಇರುತ್ತದೆ. ಅದು ಇದ್ದರೆ 'ಇ', ಇಲ್ಲದಿದ್ದರೆ 'ಸಿ'. ಅಚ್ಚಿನಲ್ಲಿ ಆ ಗೆರೆಯ ದಪ್ಪ ಈ ಅಳತೆಯಲ್ಲಿ ಒಂದು ಪಿಕ್ಸೆಲ್ಲಿಗೂ ಕಡಿಮೆ. ಹಾಗಾಗಿ ಅದು ಕಪ್ಪಾಗಿ ಮೂಡದೆ ತಿಳಿ ಬೂದಿಯಾಗಿ ಕರಗಿಹೋಗುತ್ತದೆ. ಅಚ್ಚಿನಲ್ಲಿ ಅಕ್ಷರ ಮುರಿದಿರದಿದ್ದರೂ ಚಿತ್ರದಲ್ಲಿ ಮುರಿದಂತೆ ಕಾಣುತ್ತದೆ. ಅಕ್ಷರ ಗುರುತಿಸುವ ತಂತ್ರಾಂಶ ಟೆಸರಾಕ್ಟ್‌ನ ಕೈಪಿಡಿಯೂ ಇದನ್ನೇ ಹೇಳುತ್ತದೆ: ಸಣ್ಣ 'ಎಕ್ಸ್' 20 ಪಿಕ್ಸೆಲ್ ಎತ್ತರವಿದ್ದರೆ ಆರಾಮ, 10ಕ್ಕಿಂತ ಕೆಳಗೆ ಸರಿಯಾದ ಫಲಿತಾಂಶದ ಆಸೆ ಬಹಳ ಕಡಿಮೆ, 8ಕ್ಕಿಂತ ಕೆಳಗೆ ಬಹುಪಾಲು ಅಕ್ಷರಗಳನ್ನು ಅದು ಕಸವೆಂದು ಗುಡಿಸಿಹಾಕುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಶೀರ್ಷಿಕೆಯ ಅಕ್ಷರ ದೊಡ್ಡದು, ಅದು ಈ ಚಿತ್ರದಲ್ಲೂ ಹೇಗೋ ಉಳಿದಿರುತ್ತದೆ. ಆದರೆ ಆ ಶೀರ್ಷಿಕೆಯಲ್ಲಿರುವ ಆಟದ ಕೀಲಿ ಇರುವುದು ಕೆಳಗಿನ ಸಣ್ಣ ಅಕ್ಷರದಲ್ಲಿ. 'ಸ್ಟಿಕ್ಸ್' ಎಂದರೆ ಕಡ್ಡಿಗಳೋ ಹಳ್ಳಿಗಾಡೋ, 'ಪಿಕ್ಸ್' ಎಂದರೆ ಫೋಟೊಗಳೋ ಸಿನಿಮಾಗಳೋ ಎಂದು ತೀರ್ಮಾನಿಸುವುದು ಸುದ್ದಿಯ ಒಡಲು. ಓದಲು ಆಗದಿರುವುದು ಅದೇ. ಇಂಥ ಚಿತ್ರಗಳಲ್ಲಿ ಶೀರ್ಷಿಕೆಯೊಂದನ್ನೇ ಓದಿ ಅನುವಾದಕ್ಕೆ ಇಳಿದವರು ಎಡವುವುದು ಇಲ್ಲಿಯೇ.

ಮುರಿದದ್ದು ಎಲ್ಲಿ: ಅಚ್ಚಿನಲ್ಲೋ ಚಿತ್ರದಲ್ಲೋ

ಅಕ್ಷರ ಮುರಿಯಲು ಕಾರಣ ಹಲವು. ಯಾವ ಕಾರಣ ಎಂದು ಗೊತ್ತಾದರೆ ಕಳೆದುಹೋದ ಗೆರೆ ಯಾವುದಿರಬಹುದು ಎಂದು ಊಹಿಸಲು ಆಧಾರ ಸಿಗುತ್ತದೆ.

ಜೆಪೆಗ್ ಕಡತ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ ಕುಗ್ಗಿಸುತ್ತದೆ. ಹೆಚ್ಚು ಕುಗ್ಗಿಸಿದಾಗ ಚೌಕದ ಅಂಚಿನಲ್ಲಿ ಗೆರೆ ತುಂಡಾಗುತ್ತದೆ, ಅಕ್ಷರದ ಸುತ್ತ ಸೊಳ್ಳೆ ಮುತ್ತಿದಂತೆ ಚುಕ್ಕೆಗಳು ಏಳುತ್ತವೆ. ಚಿತ್ರವನ್ನು 800 ಪ್ರತಿಶತ ಹಿಗ್ಗಿಸಿ ನೋಡಿದರೆ ತುಂಡಾದ ಜಾಗಗಳು ಎಂಟೆಂಟು ಪಿಕ್ಸೆಲ್‌ಗೊಮ್ಮೆ ಸಾಲಾಗಿ ಬರುತ್ತವೆಯೇ ಎಂದು ಕಾಣುತ್ತದೆ. ಹಾಗೆ ಬಂದರೆ ತಪ್ಪು ಕಡತದ್ದು, ಪತ್ರಿಕೆಯದ್ದಲ್ಲ. ಈ ಪರೀಕ್ಷೆಯನ್ನು ಚಿತ್ರದ ಅಳತೆ ಬದಲಿಸುವ ಮುನ್ನವೇ ಮಾಡಬೇಕು. ಒಮ್ಮೆ ಹಿಗ್ಗಿಸಿ ಉಳಿಸಿದರೆ ಆ ಎಂಟರ ಜಾಲರಿಯ ಗುರುತು ಕಲಸಿಹೋಗುತ್ತದೆ.

ಅಡ್ಡಗೆರೆಗಳು ಮಾತ್ರ ಮಾಸಿ ನಿಂತ ಗೆರೆಗಳು ಚೆನ್ನಾಗಿದ್ದರೆ ಫೋನು ಮೇಲೆ ಕೆಳಗೆ ಅಲುಗಿದೆ ಎಂದರ್ಥ. ಎಲ್ಲ ಅಕ್ಷರಗಳಲ್ಲೂ ಸಣ್ಣ ಗೆರೆಗಳೇ ಹೋಗಿ ದಪ್ಪ ಗೆರೆಗಳು ಉಳಿದಿದ್ದರೆ ಅದು ಮಸಿ ಸಾಲದ ಅಚ್ಚು, ಇಲ್ಲವೇ ಕಪ್ಪು ಬಿಳುಪಿನ ಅಂತರವನ್ನು ವಿಪರೀತ ಏರಿಸಿ ತೆಗೆದ ಮೈಕ್ರೋಫಿಲ್ಮ್. ಒಂದೇ ಅಕ್ಷರ, ಒಂದೇ ಜಾಗದಲ್ಲಿ ಮುಕ್ಕಾಗಿದ್ದರೆ ಆ ಅಕ್ಷರದ ಅಚ್ಚುಮೊಳೆಯೇ ಏಟು ತಿಂದಿದೆ.

ಇದಕ್ಕೆ ತಿರುಗುಮುರುಗಾದ ತೊಂದರೆಯೂ ಉಂಟು. ಆ ಕಾಲದಲ್ಲಿ ಸುದ್ದಿಯ ಒಡಲನ್ನು ಸಾಮಾನ್ಯವಾಗಿ ಲೈನೋಟೈಪ್ ಯಂತ್ರದಲ್ಲಿ ಸಾಲಿಗೆ ಸಾಲೇ ಎರಕ ಹೊಯ್ಯುತ್ತಿದ್ದರು. ಅಕ್ಷರದ ಅಚ್ಚುಗಳ ಪಕ್ಕೆ ಸವೆದಾಗ ಎರಡು ಅಚ್ಚುಗಳ ನಡುವೆ ಕರಗಿದ ಸೀಸ ನುಸುಳಿ, ಕಾಗದದ ಮೇಲೆ ಎರಡು ಅಕ್ಷರಗಳ ನಡುವೆ ಕೂದಲೆಳೆಯಂಥ ನಿಂತ ಗೆರೆ ಬೀಳುತ್ತದೆ. ಚೆನ್ನಾಗಿ ಸ್ಕ್ಯಾನ್ ಮಾಡಿದ ಪುಟದಲ್ಲಿ ಅದು ಕೂದಲೆಂದೇ ಕಾಣುತ್ತದೆ. 90 ಪಿಕ್ಸೆಲ್ಲಿನ ಚಿತ್ರದಲ್ಲಿ ಅದೇ 'ಐ' ಅಥವಾ 'ಎಲ್' ಅಕ್ಷರದಂತೆ ಕಾಣುತ್ತದೆ. ಇಲ್ಲದ ಅಕ್ಷರ ಇರುವಂತೆ ತೋರುವ ಈ ತಪ್ಪು, ಇರುವ ಅಕ್ಷರ ಮಾಯವಾಗುವುದಕ್ಕಿಂತ ಅಪಾಯ. ಯಾಕೆಂದರೆ ಅಲ್ಲಿ ಖಾಲಿ ಜಾಗ ಕಾಣದ ಕಾರಣ ಓದುಗನಿಗೆ ಅನುಮಾನವೇ ಬರುವುದಿಲ್ಲ.

ಚಿತ್ರಕ್ಕೆ ಮಾಡಿದ ಚಿಕಿತ್ಸೆ

ಮೊದಲ ಕೆಲಸ ತೆಗೆದವರನ್ನೇ ಹುಡುಕಿ ಮೂಲ ಕಡತ ಕೇಳುವುದು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದರೆ ಕಡತ ಕುಗ್ಗದೆ ಬರುತ್ತದೆ. ಮತ್ತೆ ತೆಗೆಯುವ ಅವಕಾಶ ಇದ್ದರೆ ಇಡೀ ಪುಟದ ಬದಲು ಒಂದೊಂದು ಕಾಲಮ್ಮನ್ನು ಎರಡು ಮೂರು ತುಂಡುಗಳಾಗಿ, ಒಂದು ತುಂಡಿನ ಕೊನೆಯ ನಾಲ್ಕು ಸಾಲು ಮುಂದಿನ ತುಂಡಿನಲ್ಲೂ ಬರುವಂತೆ ತೆಗೆಯಬೇಕು. ಕಾಲಮ್ಮು ಒಂದು ಸಾವಿರ ಪಿಕ್ಸೆಲ್ ಅಗಲಕ್ಕೆ ಬಂದರೆ ಅಂಗುಲಕ್ಕೆ 500 ಪಿಕ್ಸೆಲ್ ಆಯಿತು, ಆಮೇಲೆ ಈ ತಾಪತ್ರಯ ಯಾವುದೂ ಇಲ್ಲ. ಬೆಳಕು ಕಿಟಕಿಯಿಂದ ಓರೆಯಾಗಿ ಬರಲಿ, ಫ್ಲ್ಯಾಶ್ ಬೇಡ.

ಇದ್ದ ಚಿತ್ರದಲ್ಲೇ ಕೆಲಸ ಸಾಗಿಸಬೇಕಾದಾಗ ಚಿತ್ರ ತಿದ್ದುವ ತಂತ್ರಾಂಶ ಇಮೇಜ್‌ಮ್ಯಾಜಿಕ್‌ನ ಎರಡು ಆದೇಶ ಸಾಕು. ಮೊದಲನೆಯದು ಬಣ್ಣ ತೆಗೆದು, ಸೊಟ್ಟ ನೆಟ್ಟಗೆ ಮಾಡಿ, ಮೂರು ಪಟ್ಟು ಹಿಗ್ಗಿಸುತ್ತದೆ. ಎರಡನೆಯದು ಪ್ರತಿ ಪಿಕ್ಸೆಲ್ಲನ್ನು ಅದರ ಸುತ್ತಲಿನ 45×45 ಪಿಕ್ಸೆಲ್‌ಗಳ ಸರಾಸರಿಗೆ ಹೋಲಿಸಿ ಕಪ್ಪೋ ಬಿಳಿಯೋ ಎಂದು ತೀರ್ಮಾನಿಸುತ್ತದೆ.

```
magick puta.jpg -colorspace Gray -deskew 40% -filter Lanczos -resize 300% dodda.png
magick dodda.png -negate -lat 45x45+8% -negate kappubili.png
```

ಇಡೀ ಪುಟಕ್ಕೆ ಒಂದೇ ಗಡಿ ಹಾಕಿ ಕಪ್ಪು ಬಿಳುಪು ಮಾಡಿದರೆ ಹಳದಿಗಟ್ಟಿದ ಮಡಿಕೆಯ ಬಳಿ ಎಲ್ಲವೂ ಕಪ್ಪಾಗುತ್ತದೆ, ಬೆಳಕು ಬಿದ್ದ ಮೂಲೆಯಲ್ಲಿ ಅಕ್ಷರಗಳೇ ಅಳಿಸಿಹೋಗುತ್ತವೆ. ಅದಕ್ಕೆ ಸುತ್ತಲಿನ ಸರಾಸರಿಯ ಲೆಕ್ಕ. 8 ಪ್ರತಿಶತ ಎಂಬುದು ಶುರು ಮಾಡುವ ಅಂಕಿ ಅಷ್ಟೇ. ಅಕ್ಷರ ಸಣಕಲಾಗಿ ತುಂಡಾದರೆ ಅದನ್ನು 5ಕ್ಕೆ ಇಳಿಸಿ, ಹಿನ್ನೆಲೆಯಲ್ಲಿ ಮೆಣಸಿನಪುಡಿ ಚೆಲ್ಲಿದಂತೆ ಕಂಡರೆ 11ಕ್ಕೆ ಏರಿಸಿ.

ಒಂದು ಮಾತು ಮನಸ್ಸಿನಲ್ಲಿ ಇರಲಿ. ಹಿಗ್ಗಿಸುವುದರಿಂದ ಕಣ್ಣಿಗೂ ತಂತ್ರಾಂಶಕ್ಕೂ ಅನುಕೂಲ, ಆದರೆ ಹೊಸ ಮಾಹಿತಿ ಒಂದು ಕಾಳೂ ಹುಟ್ಟುವುದಿಲ್ಲ. ಕರಗಿಹೋದ 'ಇ'ಯ ಅಡ್ಡಗೆರೆ ಮೂರು ಪಟ್ಟು ದೊಡ್ಡ ಮಸುಕಾಗುತ್ತದೆ, ಅಷ್ಟೆ. ಹೀಗಾಗಿ ಬೂದು ಬಣ್ಣದ `dodda.png` ಕಡತವನ್ನು ಎಸೆಯಬಾರದು. ಕಪ್ಪು ಬಿಳುಪಿನ ಚಿತ್ರದಲ್ಲಿ ಗೆರೆ ಇದೆಯೋ ಇಲ್ಲವೋ ಎಂಬ ಅನುಮಾನ ಬಂದಾಗ ಬೂದು ಚಿತ್ರದಲ್ಲಿ ಆ ಜಾಗ ಹಿನ್ನೆಲೆಗಿಂತ ಸ್ವಲ್ಪವಾದರೂ ಕಪ್ಪಾಗಿದೆಯೇ ಎಂದು ನೋಡುವುದೇ ಕೊನೆಯ ಸಾಕ್ಷಿ.

ತಂತ್ರಾಂಶಕ್ಕೆ ಓದಲು ಕೊಡುವಾಗ ಶೀರ್ಷಿಕೆಯನ್ನು ಪ್ರತ್ಯೇಕ ಕತ್ತರಿಸಿ, ಒಂದೇ ಸಾಲು ಎಂದು ಹೇಳಿ, ನಿಘಂಟನ್ನು ಬಂದ್ ಮಾಡಿ ಕೊಡಬೇಕು.

```
printf 'load_system_dawg 0\nload_freq_dawg 0\n' > nighantu
tesseract shirshike.png out -l eng --psm 7 nighantu
```

ನಿಘಂಟು ತೆರೆದಿದ್ದರೆ ಟೆಸರಾಕ್ಟ್ ಅನುಮಾನದ ಅಕ್ಷರಗಳನ್ನು ತನಗೆ ಗೊತ್ತಿರುವ ಪದದ ಕಡೆಗೆ ಎಳೆಯುತ್ತದೆ. ಸಾಮಾನ್ಯ ಗದ್ಯಕ್ಕೆ ಅದು ಉಪಕಾರ. 'ವೆರೈಟಿ'ಯ ಶೀರ್ಷಿಕೆಗಳೋ, ಬಹುಪಾಲು ನಿಘಂಟಿನ ಹೊರಗಿನವು. ಪದದ ಆಟವಿರುವ ಕಡೆ ನಿಘಂಟಿನ ಸಹಾಯ ಆಟವನ್ನೇ ಸರಿಪಡಿಸಿ ಕೆಡಿಸುತ್ತದೆ.

ನೆನಪು ಮಾಡುವ ಮೋಸ

ಈಗ ಪ್ರಕರಣದ ನಡುಗಂಬಕ್ಕೆ ಬರೋಣ. ದಪ್ಪ ಗೆರೆ, ಸಣ್ಣ ಗೆರೆ ಎರಡೂ ಇರುವ ರೋಮನ್ ದೊಡ್ಡಕ್ಷರಗಳಲ್ಲಿ ಯಾವ ಗೆರೆ ಸಣ್ಣದು ಎಂಬುದು ಗೊತ್ತಿರುವ ಸಂಗತಿ. 'ಎಚ್' ಅಕ್ಷರದ ಅಡ್ಡಪಟ್ಟಿ ಸಣ್ಣದು, ಅದು ಹೋದರೆ ಎರಡು ಕಂಬ ಉಳಿಯುತ್ತವೆ. 'ಎಕ್ಸ್'ನಲ್ಲಿ ಬಲಗಡೆಗೆ ಏರುವ ಓರೆಗೆರೆ ಸಣ್ಣದು, ಅದು ಹೋದರೆ ಎಡದಿಂದ ಇಳಿಯುವ ದಪ್ಪ ಗೆರೆ ಮಾತ್ರ. 'ಎನ್'ನ ಎರಡೂ ಕಂಬ ಸಣ್ಣವು, ಹೋದರೆ ಅಲ್ಲೂ ಉಳಿಯುವುದು ಅದೇ ಇಳಿಗೆರೆ. 'ಕೆ'ಯ ಮೇಲಿನ ತೋಳು ಸಣ್ಣದು, ಹೋದರೆ ಒಂದು ಕಂಬ, ಒಂದು ಇಳಿಗೆರೆ. ಸಣ್ಣ ಗೆರೆಗಳು ಮಾಸಿದ ಚಿತ್ರದಲ್ಲಿ ಶೀರ್ಷಿಕೆ ಹೆಚ್ಚುಕಡಿಮೆ ಹೀಗೆ ಕಾಣುತ್ತದೆ:

```
STI( I\ S   \I\   III( I\   PI\
```

ಇದನ್ನು ನೋಡಿದ ಕೂಡಲೇ ಈ ಶೀರ್ಷಿಕೆಯ ಬಗ್ಗೆ ಮೊದಲೇ ಕೇಳಿದವರು ಪಟ್ಟನೆ ಹೀಗೆ ಓದಿಬಿಡುತ್ತಾರೆ:

```
STIX NIX HIX PIX
```

ಕಾರಣ ಇದೆ. 1942ರಲ್ಲಿ ಬಂದ 'ಯಾಂಕೀ ಡೂಡಲ್ ಡ್ಯಾಂಡಿ' ಎಂಬ ಹಾಲಿವುಡ್ ಚಿತ್ರದಲ್ಲಿ ಜೇಮ್ಸ್ ಕ್ಯಾಗ್ನಿಯ ಪಾತ್ರ ಈ ಶೀರ್ಷಿಕೆಯ ಅರ್ಥ ಬಿಡಿಸಿ ಹೇಳುತ್ತದೆ, ಆ ಚಿತ್ರದಲ್ಲಿ ಶೀರ್ಷಿಕೆಯನ್ನು ನಾಲ್ಕೂ ಪದ 'ಎಕ್ಸ್'ನಲ್ಲಿ ಮುಗಿಯುವಂತೆ ಬದಲಿಸಿದ್ದಾರೆ. ಪತ್ರಿಕೆಯ ಪಾಠಕ್ಕಿಂತ ಸಿನಿಮಾದ ಪಾಠವೇ ಹೆಚ್ಚು ಜನರ ಬಾಯಲ್ಲಿ ಉಳಿಯಿತು. ನೋಡಲು ಅದು ಇನ್ನೂ ಅಚ್ಚುಕಟ್ಟು ಬೇರೆ. ಹೀಗಾಗಿ ಮುರಿದ ಅಕ್ಷರ ತುಂಬುವಾಗ ಕಣ್ಣು ಕಾಣುವುದನ್ನು ಬಿಟ್ಟು ನೆನಪು ಹೇಳುವುದನ್ನು ತುಂಬುತ್ತದೆ.

ಇದನ್ನು ತಡೆಯುವ ಉಪಾಯ ಹಳೆಯ ಸುದ್ದಿಮನೆಯಲ್ಲೇ ಇದೆ. ಶೀರ್ಷಿಕೆ ಕಾಲಮ್ಮಿನಲ್ಲಿ ಹಿಡಿಸುತ್ತದೆಯೇ ಎಂದು ನೋಡಲು ಇಂಗ್ಲಿಷ್ ಉಪಸಂಪಾದಕರು ಯೂನಿಟ್ ಎಣಿಸುತ್ತಿದ್ದರು. ಪೂರ್ತಿ ದೊಡ್ಡಕ್ಷರದ ಶೀರ್ಷಿಕೆಯಲ್ಲಿ ಸಾಧಾರಣ ಅಕ್ಷರಕ್ಕೆ 1, 'ಐ' ಅಕ್ಷರಕ್ಕೆ ಅರ್ಧ, 'ಎಮ್' ಮತ್ತು 'ಡಬ್ಲ್ಯು'ಗೆ ಒಂದೂವರೆ, ಪದಗಳ ನಡುವಿನ ಜಾಗಕ್ಕೆ ಅರ್ಧ. ಅವರು ಜಾಗ ಹೊಂದಿಸಲು ಮಾಡಿದ ಲೆಕ್ಕವನ್ನೇ ತಿರುಗಿಸಿ, ಕಳೆದುಹೋದ ಅಕ್ಷರ ಹುಡುಕಲು ಬಳಸಬಹುದು.

```
STICKS 5.5   NIX 2.5   HICK 3.5   PIX 2.5   + 1.5 = 15.5
STIX   3.5   NIX 2.5   HIX  2.5   PIX 2.5   + 1.5 = 12.5
```

ಒಟ್ಟು ಅಗಲದಲ್ಲಿ ಮೂರು ಯೂನಿಟ್ ವ್ಯತ್ಯಾಸ. ಆದರೆ ಒಟ್ಟು ಅಗಲವನ್ನು ಅಕ್ಷರಗಳನ್ನು ಬಿಡಿಬಿಡಿಯಾಗಿ ಜೋಡಿಸಿ ಹಿಗ್ಗಿಸಿರಬಹುದು, ಹಾಗಾಗಿ ಅದನ್ನೊಂದನ್ನೇ ನಂಬಬಾರದು. ಪದ ಪದಗಳ ನಡುವಿನ ಅನುಪಾತ ನೋಡುವುದು ಗಟ್ಟಿ. ಮೊದಲ ಪದವನ್ನು ಎರಡನೆಯದಕ್ಕೆ ಹೋಲಿಸಿದರೆ ಪತ್ರಿಕೆಯ ಪಾಠದಲ್ಲಿ 2.2 ಪಟ್ಟು ಬರಬೇಕು, ಸಿನಿಮಾದ ಪಾಠದಲ್ಲಿ 1.4 ಪಟ್ಟು. ಮೂರನೆಯ ಪದವನ್ನು ನಾಲ್ಕನೆಯದಕ್ಕೆ ಹೋಲಿಸಿದರೆ ಪತ್ರಿಕೆಯದಕ್ಕೆ 1.4, ಸಿನಿಮಾದ್ದಕ್ಕೆ ಸರಿಸಮ 1. ಒಂದು ಯೂನಿಟ್ 20 ಪಿಕ್ಸೆಲ್ ಎಂದು ಹಿಡಿದರೆ 'ಪಿಕ್ಸ್' 50 ಪಿಕ್ಸೆಲ್, 'ಹಿಕ್' 70 ಪಿಕ್ಸೆಲ್. ಎಷ್ಟೇ ಮಸುಕಾದ ಚಿತ್ರದಲ್ಲೂ 20 ಪಿಕ್ಸೆಲ್ಲಿನ ವ್ಯತ್ಯಾಸ ಮುಚ್ಚಿಡಲು ಆಗದು. ಅಕ್ಷರದ ಆಕಾರ ಹೋದರೂ ಪದದ ಎರಡು ತುದಿ ಎಲ್ಲಿವೆ ಎಂಬುದು ಉಳಿದಿರುತ್ತದೆ, ಈ ವಿಧಾನದ ಬಲ ಅದು. ಇದೇ ಅಳತೆ ಇನ್ನೊಂದು ಊಹೆಯನ್ನೂ ತಳ್ಳಿಹಾಕುತ್ತದೆ: ಮೂರನೆಯ ಪದ ಬಹುವಚನದ 'ಹಿಕ್ಸ್' ಆಗಿ ನಾಲ್ಕರ ಬದಲು ಐದು ಅಕ್ಷರ ಇದ್ದಿದ್ದರೆ ಅನುಪಾತ 1.8 ಆಗಬೇಕಿತ್ತು.

ಓದಿದ್ದನ್ನು ಬರೆದಿಡುವಾಗ ಕಂಡ ಅಕ್ಷರ ಯಾವುದು, ತುಂಬಿದ ಅಕ್ಷರ ಯಾವುದು ಎಂದು ಬೇರೆಯಾಗಿ ತೋರಿಸಬೇಕು. ಶಾಸನ ಓದುವವರು ಸವೆದ ಕಲ್ಲಿನ ಅಕ್ಷರಗಳನ್ನು ಚೌಕ ಕಂಸದಲ್ಲಿ ಹಾಕುತ್ತಾರಲ್ಲ, ಪತ್ರಿಕೆಗೂ ಅದೇ ಪದ್ಧತಿ ಚೆನ್ನಾಗಿ ಒಗ್ಗುತ್ತದೆ:

```
STI[CK]S [N]I[X] [H]I[CK] PI[X]
```

ಈ ಸಾಲು ನೋಡಿದವರಿಗೆ ಎಷ್ಟು ಊಹೆ, ಎಷ್ಟು ಕಂಡದ್ದು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಆಮೇಲೆ ಒಳ್ಳೆಯ ಪ್ರತಿ ಸಿಕ್ಕವರು ಕಂಸಗಳನ್ನು ಒಂದೊಂದಾಗಿ ತೆಗೆಯಬಹುದು.

ಈ ವಿಧಾನವನ್ನು ಹಳೆಯ ಕನ್ನಡ ಪತ್ರಿಕೆಗೆ ಹಾಗೆಯೇ ಹಚ್ಚಲು ಬರುವುದಿಲ್ಲ. ನಮ್ಮಲ್ಲಿ ದ ಮತ್ತು ಧ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸೀಳು, ಪ ಮತ್ತು ಷ ನಡುವಿನದು ಒಳಗಿನ ಒಂದು ಗೆರೆ. ಅಗಲ ಎರಡಕ್ಕೂ ಒಂದೇ. ಅಳತೆ ಅಲ್ಲಿ ಮೂಕವಾಗುತ್ತದೆ, ಸಾಲಿನ ಅರ್ಥ ಮತ್ತು ಬೂದು ಚಿತ್ರ ಇವೆರಡೇ ಗತಿ. ಒತ್ತಕ್ಷರ ಮಾತ್ರ ಕನ್ನಡದಲ್ಲಿ ಸಹಾಯಕ್ಕೆ ಬರುತ್ತದೆ, ಅದು ಸಾಲಿನ ಕೆಳಗೆ ಇಳಿಯುವುದರಿಂದ ಅಕ್ಷರ ಅಳಿಸಿದರೂ ಅಲ್ಲೊಂದು ಕಲೆ ಉಳಿದಿರುತ್ತದೆ.

ಒಡಲು ಎಲ್ಲಿಂದ

ಶೀರ್ಷಿಕೆ ಹೀಗೆ ಸಿಕ್ಕಿತು. 5 ಪಿಕ್ಸೆಲ್ ಎತ್ತರದ ಒಡಲು ಯಾವ ಚಿಕಿತ್ಸೆಗೂ ಬಗ್ಗುವುದಿಲ್ಲ, ಬೇರೆ ಪ್ರತಿ ಹುಡುಕಬೇಕು. 'ವೆರೈಟಿ'ಯ ಹಳೆಯ ಸಂಚಿಕೆಗಳನ್ನು ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿ ಡಿಜಿಟಲ್ ಮಾಡಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಹುಡುಕುವಾಗ ಶೀರ್ಷಿಕೆಯ ಪದಗಳನ್ನು ಹಾಕಿ ಕೂರಬೇಡಿ. ಅಲ್ಲಿನ ಪಠ್ಯವೂ ಯಂತ್ರ ಓದಿದ್ದೇ, ವಿಚಿತ್ರ ಪದಗಳಲ್ಲಿ ಅದೂ ಎಡವಿರುತ್ತದೆ. ತಾರೀಖು ಹಿಡಿದು ಹೋಗುವುದು ನೇರ ದಾರಿ. ಆಗ ಅದು ವಾರಪತ್ರಿಕೆ, ಬುಧವಾರದ ತಾರೀಖು ಹೊರುತ್ತಿತ್ತು. ಚಿತ್ರದ ತಾರೀಖಿನ ಅಂಕಿ ಮಾಸಿ 17 ಎಂಬುದು 11 ಎಂದು ಕಂಡರೆ ವಾರವೇ ಅದನ್ನು ತಿದ್ದುತ್ತದೆ, ಏಕೆಂದರೆ 1935ರ ಜುಲೈ 11 ಗುರುವಾರ.

ಆಟ ಯಾವುದರಲ್ಲಿ ಇದೆ

ಅನುವಾದಕ್ಕೆ ಕೈಹಾಕುವ ಮೊದಲು ಶೀರ್ಷಿಕೆಯ ಆಟ ನಿಂತಿರುವುದು ಯಾವುದರ ಮೇಲೆ ಎಂದು ಬಿಡಿಸಬೇಕು. 'ಸ್ಟಿಕ್ಸ್' ಎಂದರೆ ಪಟ್ಟಣದಿಂದ ದೂರದ ಹಳ್ಳಿಗಾಡು. 'ನಿಕ್ಸ್' ಜರ್ಮನ್ನಿನಿಂದ ಬಂದದ್ದು, ಬೇಡವೆನ್ನುವುದು. 'ಹಿಕ್' ಎಂದರೆ ಹಳ್ಳಿ ಗುಗ್ಗು, ರಿಚರ್ಡ್ ಎಂಬ ಹೆಸರನ್ನು ಮೊಟಕು ಮಾಡಿ ಹುಟ್ಟಿದ್ದು. 'ಪಿಕ್ಸ್' ಎಂಬುದು ಪಿಕ್ಚರ್ಸ್ ಪದವನ್ನು ತುಂಡರಿಸಿದ್ದು. ಸುದ್ದಿ ಗೊತ್ತಾದ ಮೇಲೆ ಈ ನಾಲ್ಕರಲ್ಲಿ ಯಾವುದೂ ಒಟ್ಟಿಗೆ ಎರಡು ಅರ್ಥ ಕೊಡುವುದಿಲ್ಲ ಎಂಬುದನ್ನು ಗಮನಿಸಬೇಕು. ಇದು ಶ್ಲೇಷೆ ಅಲ್ಲ. ಆಟ ಇರುವುದು ನಾದದಲ್ಲಿ: ನಾಲ್ಕೂ ಒಂದೇ ಉಚ್ಚಾರಾಂಶದ ಪದ, ನಾಲ್ಕರಲ್ಲೂ ಒಂದೇ ಸ್ವರ, ಕ ಮತ್ತು ಸ ವ್ಯಂಜನಗಳ ಏಟು. ಎರಡನೆಯದು ಧಾಟಿ, ಸಿನಿಮಾ ವ್ಯಾಪಾರದವರ ಬಾಯಿಮಾತು. ಮೂರನೆಯದು ಸುದ್ದಿಯಲ್ಲೇ ಇರುವ ಸ್ವಾರಸ್ಯ: ಬೇಡವೆಂದವರು ಯಾರೋ, ಅವರ ಬದುಕೇ ಆ ಸಿನಿಮಾದ ಕಥೆ.

ಇದೇ ಪತ್ರಿಕೆಯ ಇನ್ನೊಂದು ಪ್ರಸಿದ್ಧ ಶೀರ್ಷಿಕೆ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಷೇರುಪೇಟೆ ಕುಸಿದ ಮರುದಿನ, 1929ರ ಅಕ್ಟೋಬರ್ 30ರಂದು ಬಂದದ್ದು 'ವಾಲ್ ಸ್ಟ್ರೀಟ್ ಲೇಸ್ ಆ್ಯನ್ ಎಗ್'. ಅಲ್ಲಿ ಪ್ರಾಸವಿಲ್ಲ. ನಾಟಕ ನೆಲಕಚ್ಚಿದರೆ ರಂಗಭೂಮಿಯವರು ಮೊಟ್ಟೆ ಇಟ್ಟಿತು ಎನ್ನುತ್ತಿದ್ದರು, ಆ ನುಡಿಗಟ್ಟನ್ನು ಷೇರುಪೇಟೆಗೆ ಹಚ್ಚಿದ್ದೇ ಆಟ. ಕನ್ನಡದಲ್ಲಿ ಮೊಟ್ಟೆ ಇಡುವುದು ಫಲ ಕೊಡುವ ಕೆಲಸ, ಹಾಗಾಗಿ ಮೊಟ್ಟೆಯನ್ನು ತಂದರೆ ಅರ್ಥವೇ ತಿರುವು ಮುರುವು. ಆದರೆ ಗಾಂಧಿನಗರದ ಸಿನಿಮಾ ಮಾತಿನಲ್ಲಿ ಸೋತ ಚಿತ್ರಕ್ಕೆ ಒಂದು ಸೊಗಸಾದ ಮಾತಿದೆ. 'ಮಕಾಡೆ ಮಲಗಿದ ವಾಲ್ ಸ್ಟ್ರೀಟ್' ಎಂದರೆ ಪ್ರದರ್ಶನ ವ್ಯಾಪಾರದ ನುಡಿಗಟ್ಟು ಷೇರುಪೇಟೆಯ ಮೈಮೇಲೆ ಹಾಗೆಯೇ ಕೂರುತ್ತದೆ, ಮೂಲದಲ್ಲಿ ಕೂತಂತೆ. ನುಡಿಗಟ್ಟಿನ ಆಟಕ್ಕೆ ನುಡಿಗಟ್ಟನ್ನು ಹುಡುಕಬೇಕು, ನಾದದ ಆಟಕ್ಕೆ ನಾದವನ್ನು.

ಕರಡಿನಿಂದ ಕರಡಿಗೆ

ಮೊದಲು ಬರೆಯಬೇಕಾದದ್ದು ಚಪ್ಪಟೆ ಅನುವಾದ: 'ಗ್ರಾಮೀಣ ಪ್ರೇಕ್ಷಕರಿಂದ ಗ್ರಾಮೀಣ ಚಿತ್ರಗಳ ತಿರಸ್ಕಾರ'. ಅರ್ಥಕ್ಕೆ ಸರಿ. ಉಳಿದ ಕರಡುಗಳನ್ನು ಅಳೆಯಲು ಇದು ಒರೆಗಲ್ಲು. ಮುಂದಿನ ಯಾವ ಕರಡೂ ಇದಕ್ಕಿಂತ ಹೆಚ್ಚಿನ ಸುದ್ದಿ ಹೇಳಬಾರದು, ಕಡಿಮೆಯೂ ಹೇಳಬಾರದು.

ಎರಡನೆಯದು 'ಹಳ್ಳಿ ಮಂದಿಗೆ ಹಳ್ಳಿ ಚಿತ್ರ ಬೇಡ'. ಹಳ್ಳಿ ಎರಡು ಸಲ ಬಂದು ಸುದ್ದಿಯ ಸ್ವಾರಸ್ಯ ಸಿಕ್ಕಿತು. ನಾದ ಸಿಗಲಿಲ್ಲ, 'ಬೇಡ' ಎಂಬಲ್ಲಿ ಸಾಲು ಸೊರಗುತ್ತದೆ.

ಇಂಗ್ಲಿಷಿಗೆ ಅಂತ್ಯಪ್ರಾಸ ಸಹಜ, ಕನ್ನಡದ ಕಿವಿಗೆ ಎರಡನೆಯ ಅಕ್ಷರದ ಪ್ರಾಸವೂ ಅಷ್ಟೇ ಹಳೆಯ ಪರಿಚಯ. ಹಳ್ಳಿ ಎಂಬ ಪದದ ಎರಡನೆಯ ಅಕ್ಷರ ಒತ್ತುಳ್ಳ ಳ. ಆ ಳಕಾರ ಇರುವ, ತಿರಸ್ಕಾರದ ಅರ್ಥ ಕೊಡುವ ಮಾತು ಬೇಕು. ಎಳ್ಳುನೀರು ಮೊದಲು ನೆನಪಾಗುತ್ತದೆ: 'ಹಳ್ಳಿ ಚಿತ್ರಕ್ಕೆ ಹಳ್ಳಿಯೇ ಎಳ್ಳುನೀರು'. ಕಿವಿಗೆ ಹಿತ, ಕನ್ನಡದ ಜಾಯಮಾನದ್ದು. ಆದರೆ ಎಳ್ಳುನೀರು ಬಿಟ್ಟ ಮೇಲೆ ಸಂಬಂಧ ಪೂರ್ತಿ ಮುಗಿದಂತೆ. ಮೂಲದಲ್ಲಿ ಪ್ರೇಕ್ಷಕರು ಒಲ್ಲೆ ಎಂದರು ಅಷ್ಟೆ, ಶ್ರಾದ್ಧ ಮಾಡಲಿಲ್ಲ. 'ಹಳ್ಳಿ ಕಥೆಗೆ ಹಳ್ಳಿಯೇ ಕೊಳ್ಳಿ' ಇನ್ನೂ ಚುರುಕು, ಇನ್ನೂ ತಪ್ಪು, ಅದರಲ್ಲಿ ಹಳ್ಳಿಗರು ಹಾನಿ ಮಾಡಿದರೆಂಬ ಆರೋಪ ಸೇರಿಕೊಂಡಿದೆ. ಪ್ರಾಸದ ಮೋಹದಲ್ಲಿ ಸುದ್ದಿ ಬಿಸಿಯಾಗಿಬಿಡುವುದು ಈ ಕೆಲಸದಲ್ಲಿ ಪದೇ ಪದೇ ಆಗುವ ತಪ್ಪು.

ತಿರಸ್ಕರಿಸು ಎಂಬುದಕ್ಕೆ ದಿನಬಳಕೆಯ ಮಾತು ತಳ್ಳಿಹಾಕು. ಅದರಲ್ಲೇ ಬೇಕಾದ ಅಕ್ಷರ ಕೂತಿದೆ. 'ಹಳ್ಳಿ ಚಿತ್ರ ತಳ್ಳಿದ ಹಳ್ಳಿ'. ನಾಲ್ಕೇ ಪದ, ಮೂರರಲ್ಲಿ ಳ್ಳಿ, ಶುರುವಾದ ಪದದಲ್ಲೇ ಮುಗಿತಾಯ. ಉಳಿದದ್ದು ಧಾಟಿ. 'ಚಿತ್ರ' ಬರಹದ ಮಾತು, ವ್ಯಾಪಾರದ ಬಾಯಿಮಾತಲ್ಲ. ಪಿಕ್ಚರ್ ಎಂಬುದನ್ನು ಇಂಗ್ಲಿಷಿನವರು ಪಿಕ್ಸ್ ಎಂದು ಕತ್ತರಿಸಿದರೆ ನಮ್ಮ ಜನ ಪಿಚ್ಚರ್ ಎಂದು ಪಳಗಿಸಿದ್ದಾರೆ:

ಹಳ್ಳಿ ಪಿಚ್ಚರ್ ತಳ್ಳಿದ ಹಳ್ಳಿ

ಮಾತ್ರೆ ಎಣಿಸಿದರೆ 3, 4, 4, 3. ಗಟ್ಟಿಯಾಗಿ ಓದಿದಾಗ ಎಲ್ಲೂ ಮುಗ್ಗರಿಸುವುದಿಲ್ಲ, ಎರಡೂ ತುದಿಯ ಪದ ಒಂದೇ ಆದ್ದರಿಂದ ಸುತ್ತು ತಿರುಗಿ ಅಲ್ಲಿಗೇ ಬಂದಂತೆ ಆಗುತ್ತದೆ.

ಇದರಲ್ಲೂ ಎರಡು ಕೊರತೆ ಉಳಿದಿವೆ. 'ಹಿಕ್' ಎಂಬ ಪದದ ಚುಚ್ಚು ಬಂದಿಲ್ಲ. ಅದಕ್ಕಾಗಿ ಮೊದಲ ಪದವನ್ನು 'ಹಳ್ಳಿಗುಗ್ಗು' ಎಂದು ಮಾಡಿ ನೋಡಬಹುದು, ಆಗ ತಮ್ಮನ್ನು ಗುಗ್ಗುಗಳಂತೆ ತೋರಿಸಿದ್ದಕ್ಕೆ ಹಳ್ಳಿಗರು ಸಿಟ್ಟಾದರು ಎಂಬ ಬೇರೆಯೇ ಸುದ್ದಿ ಹುಟ್ಟುತ್ತದೆ. ಚುಚ್ಚು ಬಿಟ್ಟು ಸುದ್ದಿ ಉಳಿಸಿಕೊಳ್ಳುವುದು ಮೇಲು. ಎರಡನೆಯದು ಇನ್ನೂ ಸೂಕ್ಷ್ಮ. ಚೆನ್ನಾಗಿ ಓಡದ ಸಿನಿಮಾವನ್ನು ಹೇಗೋ ಐವತ್ತು ದಿನ ದೂಡಿದರು ಎಂಬ ಅರ್ಥದಲ್ಲಿ 'ಐವತ್ತು ದಿನ ತಳ್ಳಿದರು' ಎನ್ನುವ ಮಾತಿದೆ. ಆ ಕಿವಿಯಿಂದ ಕೇಳಿದವರಿಗೆ ಹಳ್ಳಿಯೇ ಆ ಪಿಚ್ಚರನ್ನು ಓಡಿಸಿತು ಎಂದು ಅರ್ಥ ತಿರುಗಬಹುದು. 'ತಳ್ಳಿಹಾಕಿದ' ಎಂದು ಪೂರ್ತಿ ಬರೆದರೆ ಗೊಂದಲ ಹೋಗುತ್ತದೆ, ಜೊತೆಗೆ 3, 4, 4, 3ರ ನಡೆಯೂ ಹೋಗುತ್ತದೆ. ಹಾಗಾಗಿ ಗೊಂದಲ ಪರಿಹರಿಸುವ ಕೆಲಸವನ್ನು ಕೆಳಗಿನ ಉಪಶೀರ್ಷಿಕೆಗೆ ಬಿಡಲಾಗಿದೆ.

ಪ್ರಕಟಿಸುವಾಗ ಮೂರು ಸಾಲು ಒಟ್ಟಿಗೆ ಹೋಗಬೇಕು: ಕಂಸಗಳಿರುವ ಮೂಲ ಪಾಠ, ಕನ್ನಡ ಶೀರ್ಷಿಕೆ, ಅದರ ಕೆಳಗೆ ಸಾದಾ ಮಾತಿನ ಉಪಶೀರ್ಷಿಕೆ. ಹೀಗೆ:

```
STI[CK]S [N]I[X] [H]I[CK] PI[X]
ಹಳ್ಳಿ ಪಿಚ್ಚರ್ ತಳ್ಳಿದ ಹಳ್ಳಿ
ನಮ್ಮೂರ ಕಥೆ ನಮಗೇ ಬೇಡ ಎನ್ನುತ್ತಿರುವ ಗ್ರಾಮೀಣ ಪ್ರೇಕ್ಷಕರು
```